ವಾರದಲ್ಲಿ ಹೆಚ್ಚು ಬಿದ್ದ ಷೇರು: ವಲಯದ ಕುಸಿತವನ್ನು ಕಳೆದು ನೋಡಿದಾಗ

ಶುಕ್ರವಾರ ಮಾರುಕಟ್ಟೆ ಮುಚ್ಚಿದ ಮೇಲೆ, ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಕುಳಿತು ನಿಫ್ಟಿ 200 ಸೂಚ್ಯಂಕದಲ್ಲಿರುವ ಇನ್ನೂರು ದೊಡ್ಡ ಕಂಪನಿಗಳ ಷೇರುಗಳ ವಾರದ ಏರಿಳಿತವನ್ನು ಲೆಕ್ಕ ಹಾಕುತ್ತೇನೆ. ಅತಿ ಹೆಚ್ಚು ಬಿದ್ದ ಹತ್ತನ್ನು ಸೋಮವಾರ ಸಮ ಮೊತ್ತಕ್ಕೆ ಕೊಂಡು, ಒಂದು ವಾರ ಇಟ್ಟುಕೊಂಡು ಮಾರುವುದು ನನ್ನ ಮೊದಲ ಪದ್ಧತಿಯಾಗಿತ್ತು. ದೊಡ್ಡ ಹೂಡಿಕೆದಾರರು ಅವಸರದಲ್ಲಿ ಮಾರಿದಾಗ ಬೆಲೆ ಇರಬೇಕಾದುದಕ್ಕಿಂತ ಕೆಳಗಿಳಿಯುತ್ತದೆ. ಒತ್ತಡ ತೀರಿದ ಮೇಲೆ ತುಸು ಚೇತರಿಸಿಕೊಳ್ಳುತ್ತದೆ. ಆಗ ಕೊಳ್ಳಲು ನಿಂತವನಿಗೆ ಸಿಗುವ ಕೂಲಿ ಅದು. ವಹಿವಾಟು ಕಡಿಮೆ ಇರುವ ಷೇರುಗಳಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರವೇ ಈ ಕೂಲಿಯನ್ನು ನುಂಗಿಬಿಡುತ್ತದೆ. ಹಾಗಾಗಿ ಅವುಗಳನ್ನು ಮುಟ್ಟುವುದಿಲ್ಲ.

ಒಂದು ಶುಕ್ರವಾರ ನನ್ನ ಪಟ್ಟಿಯನ್ನು ನೋಡಿದ ಹೆಂಡತಿ, "ಇದರಲ್ಲಿ ಆರು ಸಾಫ್ಟ್‌ವೇರ್ ಕಂಪನಿಗಳೇ ಇವೆಯಲ್ಲಾ?" ಎಂದಳು. ನಾನು ಕಿವಿಗೊಡಲಿಲ್ಲ. ಮರುವಾರ ಇಡೀ ವಲಯವೇ ಮತ್ತೆ ಕುಸಿಯಿತು. ಹತ್ತು ಷೇರು ಕೊಂಡಿದ್ದೇನೆ ಎಂದುಕೊಂಡಿದ್ದೆ. ನಿಜದಲ್ಲಿ ಒಂದೇ ವಲಯದ ಮೇಲೆ ಅರ್ಧಕ್ಕಿಂತ ಹೆಚ್ಚು ಹಣ ಹೂಡಿದ್ದೆ. ಇಡೀ ವಲಯ ಬಿದ್ದಾಗ ಅದಕ್ಕೆ ಸಾಮಾನ್ಯವಾಗಿ ಎಲ್ಲರಿಗೂ ಅನ್ವಯಿಸುವ ಕಾರಣವಿರುತ್ತದೆ, ಅಂಥ ಇಳಿತ ಬೇಗ ತಿರುಗದೆ ಮುಂದುವರಿಯಲೂಬಹುದು.

ಈಗ ಪ್ರತಿ ಷೇರಿನ ಏರಿಳಿತದಿಂದ ಅದರ ವಲಯದ ಮಧ್ಯಾಂಕವನ್ನು, ಅಂದರೆ ಆ ವಲಯದ ಷೇರುಗಳ ಏರಿಳಿತಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿಯನ್ನು, ಕಳೆಯುತ್ತೇನೆ. ಒಂದು ಸಾಫ್ಟ್‌ವೇರ್ ಷೇರು ಶೇ 8 ಬಿದ್ದಿದೆ, ಅದರ ವಲಯ ಶೇ 6.5 ಬಿದ್ದಿದೆ ಎಂದುಕೊಳ್ಳಿ. ಷೇರಿನ ಸ್ವಂತ ಕುಸಿತ ಶೇ 1.5 ಮಾತ್ರ. ವಾಹನ ವಲಯದ ಇನ್ನೊಂದು ಶೇ 4 ಮಾತ್ರ ಬಿದ್ದಿದೆ, ಆದರೆ ಅದರ ವಲಯ ಶೇ 1.5 ಏರಿದೆ. ಅಲ್ಲಿ ಸ್ವಂತ ಕುಸಿತ ಶೇ 5.5. ನಾನು ಕೊಳ್ಳುವುದು ಈ ಎರಡನೆಯದನ್ನು. ಇಷ್ಟಾದ ಮೇಲೂ ಒಂದು ವಲಯದಿಂದ ಎರಡಕ್ಕಿಂತ ಹೆಚ್ಚು ಆರಿಸುವುದಿಲ್ಲ.

ಬಳಿಕ ಪ್ರತಿಯೊಂದರ ಸುದ್ದಿಯನ್ನು ಓದುತ್ತೇನೆ. ತ್ರೈಮಾಸಿಕ ಫಲಿತಾಂಶ ಕೆಟ್ಟು ಬಿದ್ದಿದ್ದರೆ, ಲೆಕ್ಕಪತ್ರದ ಬಗ್ಗೆ ಅನುಮಾನ ಎದ್ದಿದ್ದರೆ ಬಿಡುತ್ತೇನೆ. ಅದು ಅವಸರದ ಮಾರಾಟವಲ್ಲ, ಕಂಪನಿಯ ಮೌಲ್ಯವೇ ಇಳಿದಿರುವುದು. ಬೋನಸ್ ಷೇರು ಅಥವಾ ಷೇರು ವಿಭಜನೆಯ ದಿನ ಷೇರುಗಳ ಸಂಖ್ಯೆ ಹೆಚ್ಚುವುದರಿಂದ ಬೆಲೆ ಒಮ್ಮೆಲೇ ಬಿದ್ದಂತೆ ತೋರುತ್ತದೆ. ಹೊಂದಾಣಿಕೆ ಮಾಡದ ಬೆಲೆಪಟ್ಟಿಯಲ್ಲಿ ಅಂಥ ಷೇರೇ ಮೊದಲ ಸ್ಥಾನಕ್ಕೆ ಬಂದು ಕೂರುತ್ತದೆ.

ಖರ್ಚು ಮಾತ್ರ ನನ್ನನ್ನು ಬಹಳ ಕಾಡಿತು. ಅದೇ ದಿನ ಮಾರದೆ ಷೇರನ್ನು ಖಾತೆಗೆ ಪಡೆಯುವ ಡೆಲಿವರಿ ವಹಿವಾಟಿನಲ್ಲಿ ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ವಹಿವಾಟು ತೆರಿಗೆ. ವಾರವಾರವೂ ಎಲ್ಲವನ್ನೂ ಬದಲಿಸಿದರೆ, ವರ್ಷಕ್ಕೆ ಬಂಡವಾಳದ ಸುಮಾರು ಶೇ 10ರಷ್ಟು ಈ ತೆರಿಗೆಗೇ ಹೋಗುತ್ತದೆ. ಆದ್ದರಿಂದ ಕೈಯಲ್ಲಿರುವ ಷೇರು ಹೊಸ ಪಟ್ಟಿಯಲ್ಲಿ ಅತಿ ಹೆಚ್ಚು ಬಿದ್ದ ಮೂವತ್ತರೊಳಗೆ ಇದ್ದರೆ ಮಾರುವುದಿಲ್ಲ. ಆದರೂ ಒಂದೇ ಷೇರು ಮೂರು ವಾರ ಅಲ್ಲೇ ಉಳಿದರೆ, ನಾನು ಓದದ ಸುದ್ದಿ ಏನೋ ಇದೆ ಎಂದುಕೊಂಡು ಹೊರಬರುತ್ತೇನೆ.

ವಲಯದ ಸಮತೋಲನ ಮಾರುಕಟ್ಟೆಯ ಕುಸಿತವನ್ನು ತಡೆಯುವುದಿಲ್ಲ. ಎಲ್ಲವೂ ಒಟ್ಟಿಗೆ ಬೀಳುವ ವಾರದಲ್ಲಿ ನನ್ನ ಹತ್ತೂ ಬೀಳುತ್ತವೆ. ಅದಕ್ಕಾಗಿ ಉಳಿತಾಯದ ಕಾಲು ಭಾಗವನ್ನಷ್ಟೇ ಇದರಲ್ಲಿ ಹಾಕಿದ್ದೇನೆ.