ಅರ್ಧ ಟೈಪ್ ಮಾಡಿ, ಎಂಟರ್ ಒತ್ತಬೇಡಿ

ಡೊಂಬಿವಲಿಯ ನಮ್ಮ ಪಕ್ಕದ ಬಿಲ್ಡಿಂಗಿನ ಯೋಗ ಟೀಚರ್ ತಮ್ಮ ವೆಬ್‌ಸೈಟಿನಲ್ಲಿ ‘ಸೂರ್ಯ ನಮಸ್ಕಾರದ ಮಹತ್ವ’ ಅಂತ ಚೆನ್ನಾಗಿಯೇ ಬರೆದಿದ್ದರು. ಹುಡುಕಿಕೊಂಡು ಯಾರೂ ಬರಲಿಲ್ಲ. ‘ಮಹತ್ವ’ ಬೇಕಾಗುವುದು ಪ್ರಬಂಧ ಬರೆಯುವ ಶಾಲೆ ಮಕ್ಕಳಿಗೆ ಅಲ್ವಾ? ಒಂದು ಭಾನುವಾರ ಇಬ್ಬರೂ ಕೂತು ಜನ ಗೂಗಲ್‌ನಲ್ಲಿ ಏನು ಕೇಳುತ್ತಾರೆ ಅಂತ ನೋಡಿದೆವು.

ಮೊದಲು ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಇಲ್ಲದಿದ್ದರೆ ನೀವೇ ಹಿಂದೆ ಹುಡುಕಿದ್ದು, ಟೈಪ್ ಮಾಡುವಾಗ ಗೂಗಲ್ ಕೆಳಗೆ ತೋರಿಸುವ ಸಲಹೆಗಳಲ್ಲಿ ಬೆರೆಯುತ್ತದೆ. ಆದರೂ ಊರಿನ ಪ್ರಭಾವ ಹೋಗುವುದಿಲ್ಲ. ‘near me’ ಅಂತ ಸಲಹೆ ಬಂದರೆ ಬಿಟ್ಟುಬಿಡಿ, ಹಾಗೆ ಹುಡುಕುವವರಿಗೆ ಬೇಕಿರುವುದು ಕ್ಲಾಸು, ಓದುವ ಬರಹವಲ್ಲ.

ಈಗ `surya namaskar` ಟೈಪ್ ಮಾಡಿ, ಒಂದು ಸ್ಪೇಸ್ ಕೊಟ್ಟು ನಿಲ್ಲಿಸಿ. ಕೆಳಗೆ ಬಂದ ಸಾಲುಗಳನ್ನು ಇದ್ದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಆಮೇಲೆ ಕೊನೆಗೆ a, b, c ಅಂತ ಒಂದೊಂದೇ ಅಕ್ಷರ ಸೇರಿಸಿ ನೋಡಿ. ಅದಾದ ಮೇಲೆ ಕರ್ಸರನ್ನು ಸಾಲಿನ ಆರಂಭಕ್ಕೆ ತಂದು `can we do`, `how many` ಸೇರಿಸಿ. ನಿಜವಾದ ಪ್ರಶ್ನೆಗಳು ಹೊರಬೀಳುವುದು ಇಲ್ಲೇ. ಸಂಜೆ ಮಾಡಬಹುದಾ, ಮುಟ್ಟಿನ ದಿನಗಳಲ್ಲಿ ಮಾಡಬಹುದಾ, ದಿನಕ್ಕೆ ಎಷ್ಟು?

ಟೀಚರ್ ನಕ್ಕರು. ರಾತ್ರಿ 8ಕ್ಕೆ ಲೋಕಲ್ ಇಳಿದು ಬರುವವರು ಅವರನ್ನು ಕೇಳುವುದೂ ‘ಸಂಜೆ ಮಾಡ್ಬಹುದಾ?’ ಅಂತಲೇ.

ಇದನ್ನೇ ಕನ್ನಡ ಲಿಪಿಯಲ್ಲೂ, `surya namaskara sanje` ಅಂತ ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡಿ ನೋಡಿ. ಕನ್ನಡದಲ್ಲಿ ಸಲಹೆ ಕಮ್ಮಿ ಬರಬಹುದು. ಹಾಗಂತ ಕೇಳುವವರೇ ಇಲ್ಲ ಅಂದುಕೊಳ್ಳಬೇಡಿ. ಸಲಹೆಪಟ್ಟಿ ಎಷ್ಟು ಜನ ಹುಡುಕಿದರು ಅಂತ ಹೇಳುವುದೇ ಇಲ್ಲ. ಮೇಲಿನ ಸಾಲಿಗೇ ಜಾಸ್ತಿ ಜನ ಅನ್ನುವುದೂ ತಪ್ಪು ಲೆಕ್ಕ.

ಇನ್ನು ಎಂಟರ್ ಒತ್ತಿ. ಉತ್ತರಗಳ ನಡುವೆ ‘People also ask’ ಅನ್ನುವ ಡಬ್ಬಿ ಬಂದರೆ ಒಂದು ಪ್ರಶ್ನೆ ಒತ್ತಿ, ಕೆಳಗೆ ಹೊಸ ಪ್ರಶ್ನೆಗಳು ಬೆಳೆಯುತ್ತವೆ. 3-4 ಸಲ ಒತ್ತಿದ ಮೇಲೆ ದಾರಿ ತಪ್ಪಿ ತೂಕ ಇಳಿಸುವ ಮಾತಿಗೆ ಹೋಗಬಹುದು, ಅಲ್ಲಿಗೆ ನಿಲ್ಲಿಸಿ.

ಬರೆದುಕೊಂಡದ್ದರಲ್ಲಿ ‘ಸಂಜೆ’, ‘ರಾತ್ರಿ’, ‘ಮಲಗುವ ಮುಂಚೆ’ ಮೂರಕ್ಕೂ ಸುಮ್ನೆ ಮೂರು ಬರಹ ಬೇಡ. ಹುಡುಕಿ ನೋಡಿ. ಮೂರಕ್ಕೂ ಹೆಚ್ಚುಕಡಿಮೆ ಅವೇ ಪುಟಗಳು ಬಂದರೆ ಒಂದೇ ಬರಹ ಸಾಕು. ಮೊದಲ ಪುಟದ ತುಂಬ ವಿಡಿಯೊಗಳೇ ಇದ್ದರೆ ಜನ ನೋಡಲು ಬಯಸುತ್ತಿದ್ದಾರೆ, ಬರಹ ಅಲ್ಲಿ ಒದ್ದಾಡುತ್ತದೆ.

ಟೀಚರ್ ಹೊಸ ಶೀರ್ಷಿಕೆ ಕೊಟ್ಟರು: ‘ಸೂರ್ಯ ನಮಸ್ಕಾರ ಸಂಜೆ ಮಾಡಬಹುದಾ?’ ಮೊದಲ ಸಾಲಿನಲ್ಲೇ ಉತ್ತರ: ಮಾಡಬಹುದು, ಊಟವಾಗಿ 3 ಗಂಟೆ ಕಳೆದಿರಲಿ. ಕೆಲವು ವಾರ ಬಿಟ್ಟು, ಯಾವ ಹುಡುಕಾಟಕ್ಕೆ ನಮ್ಮ ಪುಟ ಕಾಣಿಸಿತು ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನ ‘Queries’ ಪಟ್ಟಿ ತೆರೆದಾಗ ಅಲ್ಲಿ ‘ಸಂಜೆ ಎಷ್ಟು ಗಂಟೆಗೆ’ ಅಂತಲೂ ಕಾಣಿಸಿತು. ಆ ಹುಡುಕಾಟಕ್ಕೆ ಬರಹ ಕಾಣಿಸಿಕೊಂಡಿದೆ, ಯಾರೂ ಒತ್ತಿಲ್ಲ. ಬರಹದಲ್ಲಿ ಗಂಟೆ ಹೇಳೇ ಇರಲಿಲ್ಲ!