ಪಿಗ್ಮಿ ಆಡಿಟ್‌ನಲ್ಲಿ ವಂಚನೆಯ ತ್ರಿಕೋನ: ನಾನು ಅವಕಾಶದಿಂದ ಶುರು ಮಾಡಿದೆ

ಒತ್ತಡ, ಅವಕಾಶ, ಸಮರ್ಥನೆ: ವಂಚನೆಯ ತ್ರಿಕೋನದ ಮೂರು ಮೂಲೆ. ವಂಚನೆ ಬಗ್ಗೆ ಆಡಿಟರ್‌ಗಳು ಪಾಲಿಸಬೇಕಾದ ಮಾನದಂಡ ಎಸ್‌ಎ 240ರ ಅನುಬಂಧದಲ್ಲಿ ಇವು ಮೂರೂ ಇವೆ, ನಾವೆಲ್ಲ ಟಿಕ್ ಹಾಕಿದ್ದೇವೆ. ಫೈಲ್ ತುಂಬಿಸೋಕೆ ಬಿಟ್ಟರೆ ಅದರಿಂದ ಏನೂ ಸಿಗೋದಿಲ್ಲ ಅಂತ ನನ್ನ ಸ್ನೇಹಿತರು ಹೇಳುತ್ತಲೇ ಇದ್ದರು. ಈ ಸಲ ಸಿಕ್ಕಿತು, ಅದಕ್ಕೇ ಬರೆಯುತ್ತಿದ್ದೇನೆ.

ತಾಲೂಕು ಕೇಂದ್ರದ ಒಂದು ಪತ್ತಿನ ಸಹಕಾರ ಸಂಘ. ಒಂಬತ್ತು ಪಿಗ್ಮಿ ಏಜೆಂಟರು. ನನ್ನ ಫೀಸು ಸುಮಾರು 40 ಸಾವಿರ. ಮೊದಲ ವರ್ಷ ಟಿಕ್ ಹಾಕಿ ಮುಗಿಸಿದೆ. ಮೋಸ ಆಗಲೇ ನಡೆಯುತ್ತಿತ್ತು, ನನಗೆ ಕಾಣಲಿಲ್ಲ. ಎರಡನೇ ವರ್ಷ ಒತ್ತಡದಿಂದ ಶುರು ಮಾಡಿದೆ: ಯಾರಿಗೆ ಸಾಲ ಇದೆ, ಯಾರ ಮನೆಯಲ್ಲಿ ಮದುವೆ ಇದೆ? ಮನೆ ಕಟ್ಟಿಸುತ್ತಿದ್ದ ಕ್ಯಾಷಿಯರ್ ಹಿಂದೆ ಎರಡು ದಿನ ಬಿದ್ದೆ. ಅವರ ಲೆಕ್ಕ ಪೈಸೆಗೆ ಪೈಸೆ ಸರಿ ಇತ್ತು. ಆ ಮನುಷ್ಯನಿಗೆ ತುಂಬಾ ನೋವಾಯಿತು. ಸಾಲ ಯಾರಿಗಿಲ್ಲ ಹೇಳಿ?

ಮೂರನೇ ವರ್ಷ ಜನರನ್ನು ಬಿಟ್ಟು ಕೆಲಸಗಳನ್ನು ನೋಡಿದೆ. ಪ್ರತಿ ಕೆಲಸದ ಮುಂದೆ ಎರಡೇ ಪ್ರಶ್ನೆ: ದುಡ್ಡು ಯಾರ ಕೈಯಲ್ಲಿ, ಬರೆಯೋದು ಯಾರ ಕೈಯಲ್ಲಿ? ಎರಡೂ ಒಂದೇ ಕೈಯಲ್ಲಿದ್ದು, ಮೂರನೆಯವರು ತಾಳೆ ನೋಡದಿದ್ದರೆ ಅಲ್ಲಿ ನಿಂತೆ.

ಪಿಗ್ಮಿಯಲ್ಲಿ ಹಾಗೇ ಇತ್ತು. ಮೆಷಿನ್ ಇದ್ದರೂ ಚಾರ್ಜ್ ಇಲ್ಲದಾಗ ಏಜೆಂಟ್ ಗ್ರಾಹಕರ ಕಾರ್ಡ್‌ನಲ್ಲಿ ಕೈಯಲ್ಲಿ ಬರೆದುಕೊಡಬಹುದಿತ್ತು, ಆಮೇಲೆ ಮೆಷಿನ್‌ಗೆ ಏರಿಸಬಹುದಿತ್ತು. ಕಾರ್ಡ್ ಅಂಗಡಿಯಲ್ಲಿ, ಲೆಡ್ಜರ್ ಆಫೀಸಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ.

ಒಬ್ಬ ಏಜೆಂಟರ ಹತ್ತಿರ ಸುಮಾರು 380 ಖಾತೆ. ಎರಡು ವರ್ಷದಿಂದ ಒಂದು ದಿನವೂ ಅವರು ವಸೂಲಿಗೆ ಹೋಗುವ ಲೈನ್ ಬೇರೆಯವರಿಗೆ ಕೊಟ್ಟಿರಲಿಲ್ಲ. ಸಂಘದವರು ಅದನ್ನು ಹೆಮ್ಮೆಯಿಂದಲೇ ಹೇಳಿದರು. ನಾನು ಅವರ ಲೆಡ್ಜರ್ ತೆಗೆದೆ. ದಿನಕ್ಕೆ ನೂರು ರೂಪಾಯಿ ಕಟ್ಟುವ ಹೂವಿನ ಅಂಗಡಿಗೆ ಒಂಬತ್ತು ದಿನ ಜಮೆಯೇ ಇಲ್ಲ, ಹತ್ತನೇ ದಿನ ಒಟ್ಟಿಗೆ ಸಾವಿರ. ಇಷ್ಟಕ್ಕೇ ಮೋಸ ಅನ್ನೋ ಹಾಗಿಲ್ಲ. ಜಾತ್ರೆಗೆ ಅಂಗಡಿ ಮುಚ್ಚಿದವರು ಬಂದು ಒಟ್ಟಿಗೆ ಕಟ್ಟುತ್ತಾರೆ. ಕಾರ್ಡ್‌ನ ತಾರೀಕು ನೋಡಲೇಬೇಕು.

ನಡುವೆ, ಮೊತ್ತಗಳ ಮೊದಲ ಅಂಕೆಯಾಗಿ ಯಾವುದು ಎಷ್ಟು ಸಲ ಬರಬೇಕು ಅಂತ ಹೇಳುವ ಬೆನ್‌ಫರ್ಡ್ ನಿಯಮವನ್ನೂ ಹಾಕಿ ನೋಡಿದೆ, ಅರ್ಧ ದಿನ ಹೋಯಿತು. ಪಿಗ್ಮಿ ಮೊತ್ತಗಳು ಜನ ತಾವೇ ಆರಿಸಿಕೊಂಡ ಐವತ್ತು, ನೂರು, ಇನ್ನೂರು. ಅಲ್ಲಿ ಆ ನಿಯಮ ನಡೆಯೋದೇ ಇಲ್ಲ. ಯಾರೂ ಪ್ರಯತ್ನಿಸಬೇಡಿ.

ಆಡಳಿತ ಮಂಡಳಿಯಿಂದ ಪತ್ರ ತಗೊಂಡು, ಏಜೆಂಟರಿಗೆ ತಿಳಿಸದೆ, ನನ್ನ ಇಬ್ಬರು ಹುಡುಗರನ್ನು ನಲವತ್ತು ಅಂಗಡಿಗೆ ಕಳಿಸಿದೆ. ಯಾವ ನಲವತ್ತು ಅಂತ ಹೇಗೆ ಆರಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಏಜೆಂಟರೂ ಓದುತ್ತಾರೆ. ಹುಡುಗರ ಓಡಾಟಕ್ಕೆ ಒಂಬತ್ತು ಸಾವಿರದಷ್ಟು ಕೈಯಿಂದ ಹೋಯಿತು. ಹದಿನಾಲ್ಕು ಕಾರ್ಡ್‌ಗಳಲ್ಲಿ ತಾರೀಕು ಹೊಂದಲಿಲ್ಲ. ಕಾರ್ಡ್‌ನಲ್ಲಿ ದಿನಾ ನೂರು, ಲೆಡ್ಜರ್‌ನಲ್ಲಿ ಹತ್ತು ದಿನ ತಡ. ಇವತ್ತಿನವರ ದುಡ್ಡು ಹೋದ ವಾರದವರ ಖಾತೆಗೆ ಹೋಗುತ್ತಿತ್ತು. ವರ್ಷದ ಶುರುವಿನಲ್ಲಿ ಈ ಅಂತರ ಎರಡೇ ದಿನ. ಅಂತರ ಹಿಗ್ಗುತ್ತಾ ಹೋದರೆ ಒಳಗೆ ತೂತು ದೊಡ್ಡದಾಗುತ್ತಿದೆ ಅಂತ ಅರ್ಥ. 380 ಖಾತೆಯನ್ನೂ ತಾಳೆ ನೋಡಿದಾಗ ಕೊರತೆ ನಾಲ್ಕೂ ಮುಕ್ಕಾಲು ಲಕ್ಷದ ಹತ್ತಿರ.

ಒತ್ತಡ ಆಮೇಲೆ ಗೊತ್ತಾಯಿತು. ಆ ಏಜೆಂಟರು ಯಾರದೋ ಚೀಟಿಗೆ ಜಾಮೀನು ನಿಂತಿದ್ದರು, ಮನೆಯಲ್ಲಿ ಹೇಳಿರಲಿಲ್ಲ. 1953ರಲ್ಲಿ ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ, ಜೈಲಿನಲ್ಲಿದ್ದ ಇಂಥವರನ್ನೇ ಮಾತಾಡಿಸಿ ಬರೆದದ್ದು ಇದನ್ನೇ: ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಕಷ್ಟ. ಹೇಳಿಕೊಳ್ಳದ ಕಷ್ಟ ಆಡಿಟರ್‌ಗೆ ಮೊದಲೇ ಕಾಣೋದು ಹೇಗೆ? ಅದಕ್ಕೇ ನಾನು ಅವಕಾಶದಿಂದ ಶುರು ಮಾಡಿ ಅಂತ ಹೇಳೋದು. ಒತ್ತಡ ಕಾಣಲಿಲ್ಲ ಅಂತ ರಿಸ್ಕ್ ಕಡಿಮೆ ಬರೆಯಬೇಡಿ.

ಸಮರ್ಥನೆ ಅವರ ಬಾಯಿಂದಲೇ ಬಂತು. "ಸಾರ್, ನಾನು ಕದ್ದಿಲ್ಲ. ತಿರುಗಿಸಿ ಹಾಕ್ತಾನೇ ಇದ್ದೆ, ಯಾರಿಗೂ ಒಂದು ರೂಪಾಯಿ ಕಮ್ಮಿ ಆಗಿಲ್ಲ." ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಸಂಘ ಕಮಿಷನ್ ಕಮ್ಮಿ ಮಾಡಿದ ಮೇಲೆ ಏಜೆಂಟರೆಲ್ಲ ಆಡುತ್ತಿದ್ದ ಮಾತನ್ನು ನಾನು ಮೊದಲ ವರ್ಷವೇ ಕೇಳಿದ್ದೆ: "ನಮ್ಮ ಬೆವರಿನ ದುಡ್ಡು ಇವರು ತಿಂತಾರೆ." ಈಗ ಚಹಾ ಕುಡಿಯುವಾಗ ಕೇಳಿದ ಇಂಥ ಮಾತನ್ನೂ ವರ್ಕಿಂಗ್ ಪೇಪರ್‌ನಲ್ಲಿ ತಾರೀಕು ಹಾಕಿ ಬರೆದಿಡುತ್ತೇನೆ. ಸಾಕ್ಷಿಯಾಗಿ ಅಲ್ಲ, ಎಲ್ಲಿ ಸ್ಯಾಂಪಲ್ ಜಾಸ್ತಿ ತೆಗೀಬೇಕು ಅಂತ ತಿಳಿಯಲು.

ಮಂಡಳಿಗೆ ಅವತ್ತೇ ಬರೆದುಕೊಟ್ಟೆ, ಆಡಿಟ್ ವರದಿಗೂ ಸೇರಿಸಿದೆ. ಮೂರೂವರೆ ಲಕ್ಷದಷ್ಟು ವಸೂಲಾಗಿದೆ. ಈಗ ಕೈಬರಹದ ಜಮೆ ನಿಂತಿದೆ, ಮೂರು ತಿಂಗಳಿಗೊಮ್ಮೆ ಲೈನ್ ಅದಲುಬದಲು ಮಾಡುತ್ತಾರೆ. ಅದೇ ಎರಡು ಪ್ರಶ್ನೆ ಇಟ್ಟುಕೊಂಡು ಈ ವರ್ಷ ಚಿನ್ನದ ಸಾಲಕ್ಕೆ ಕೈ ಹಾಕಿದ್ದೇನೆ. ಲಾಕರ್‌ನ ಎರಡೂ ಕೀಲಿ ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರ ಹತ್ತಿರವೇ ಇರುತ್ತವೆ ಅನ್ನೋದು ಮೊದಲ ದಿನವೇ ಕಂಡಿದೆ.