ಕ್ಲೈಂಟ್‌ಗೆ ಹೋದ ಪ್ರೊಫೈಲ್ ಏನಾಯಿತು? ಏಜೆನ್ಸಿಯನ್ನು ಹೀಗೆ ಕೇಳಿ

ಉದ್ಯೋಗ ಏಜೆನ್ಸಿ ನಿಮ್ಮ ಪ್ರೊಫೈಲನ್ನು ತನ್ನ ಕ್ಲೈಂಟ್‌ಗೆ, ಅಂದರೆ ಕೆಲಸ ಕೊಡುವ ಕಂಪನಿಗೆ, ಕಳಿಸಿದ ಮೇಲೆ ‘ಏನಾದರೂ ಅಪ್‌ಡೇಟ್ ಇದೆಯಾ?’ ಎಂದರೆ ಸಿಗುವ ಉತ್ತರ ‘ಇನ್ನೂ ಇಲ್ಲ’. ರಿಕ್ರೂಟರ್ ಸತಾಯಿಸುತ್ತಿದ್ದಾರೆ ಎಂದೇನಲ್ಲ. ಎಷ್ಟೋ ದೊಡ್ಡ ಕಂಪನಿಗಳು ಪ್ರೊಫೈಲ್‌ಗಳನ್ನು ಪೋರ್ಟಲ್ ಮೂಲಕವೇ ಪಡೆಯುತ್ತವೆ. ಆಯ್ಕೆ ಮಾಡುವ ಮ್ಯಾನೇಜರ್‌ಗೆ ನೇರವಾಗಿ ಫೋನ್ ಮಾಡಲು ಏಜೆನ್ಸಿಯನ್ನೂ ಬಿಡುವುದಿಲ್ಲ. ಅಂಥ ಕಡೆ ರಿಕ್ರೂಟರ್‌ಗೆ ಕಾಣುವುದು ಪೋರ್ಟಲ್‌ನ ಸ್ಟೇಟಸ್ ಮಾತ್ರ. ಆದ್ದರಿಂದ ಅವರು ನೋಡಿ ಹೇಳಬಲ್ಲದ್ದನ್ನೇ ಕೇಳಬೇಕು.

1. ಕಳಿಸಿದ ದಿನವೇ ಬರೆಸಿಕೊಳ್ಳಿ. ಕ್ಲೈಂಟ್‌ಗೆ ಸಲ್ಲಿಸಿದ ದಿನಾಂಕ, ಹುದ್ದೆಯ ಐಡಿ, ನಿಮ್ಮ ಹೆಸರಿನಲ್ಲಿ ನಮೂದಿಸಿದ ಸಂಬಳ, ಈ ಮೂರೂ ಮೇಲ್‌ನಲ್ಲಿರಲಿ. ‘ಪ್ರೊಫೈಲ್ ಕಳಿಸಿದ್ದೇವೆ’ ಎಂದರೆ ಕೆಲವೊಮ್ಮೆ ಏಜೆನ್ಸಿಯ ಒಳಗೇ, ಆ ಕ್ಲೈಂಟ್ ನೋಡಿಕೊಳ್ಳುವ ಅಕೌಂಟ್ ಮ್ಯಾನೇಜರ್‌ಗೆ ಕಳಿಸಿದ್ದಾರೆ ಎಂದಷ್ಟೇ ಅರ್ಥ. ದಿನಾಂಕ ಹೇಳಲು ತಡವರಿಸಿದರೆ ಅದು ಇನ್ನೂ ಹೊರಗೆ ಹೋಗಿಲ್ಲದಿರಬಹುದು.

2. ಐದು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ಉತ್ತರಿಸಿ. ಹೊಸ ಮೇಲ್ ಬರೆದರೆ ರಿಕ್ರೂಟರ್ ಹಳೆಯದನ್ನು ಹುಡುಕಬೇಕಾಗುತ್ತದೆ. ಸೋಮವಾರ, 3ರಂದು ಟೆಸ್ಟಿಂಗ್ ಹುದ್ದೆಗೆ ಸಲ್ಲಿಕೆಯಾಗಿದ್ದರೆ 10ರಂದು ಹೀಗೆ ಬರೆಯಬಹುದು:

‘ನಮಸ್ಕಾರ. 3ರಂದು ಟೆಸ್ಟಿಂಗ್ ಹುದ್ದೆಗೆ (ಐಡಿ ಕೆಳಗಿನ ಮೇಲ್‌ನಲ್ಲಿದೆ) ನನ್ನ ಪ್ರೊಫೈಲ್ ಸಲ್ಲಿಸಿದ್ದೀರಿ. ಪೋರ್ಟಲ್‌ನಲ್ಲಿ ಈಗ ಯಾವ ಸ್ಟೇಟಸ್ ಇದೆ? ಹುದ್ದೆ ಇನ್ನೂ ತೆರೆದಿದೆಯೇ? ಗುರುವಾರ ಸಂಜೆ 4ಕ್ಕೆ ಫೋನ್ ಮಾಡಬಹುದೇ?’

3. ಉತ್ತರವನ್ನು ಸರಿಯಾಗಿ ಓದಿ. ‘ಪರಿಶೀಲನೆಯಲ್ಲಿದೆ’ ಎಂದರೆ ಇನ್ನೊಂದು ವಾರ ಕಾಯಬಹುದು. ‘ಹೋಲ್ಡ್’ ಎಂದರೆ ಹುದ್ದೆಯೇ ನಿಂತಿದೆ. ಸಾಮಾನ್ಯವಾಗಿ ಅದಕ್ಕೂ ನಿಮ್ಮ ಅರ್ಹತೆಗೂ ಸಂಬಂಧವಿಲ್ಲ. ತಲೆನೋವಿನದು ‘ಡೂಪ್ಲಿಕೇಟ್’. ಅದೇ ಹುದ್ದೆಗೆ ಇನ್ನೊಂದು ಏಜೆನ್ಸಿ ಅಥವಾ ನೀವೇ ಮೊದಲು ಅರ್ಜಿ ಹಾಕಿದ್ದೀರಿ ಎಂದರ್ಥ. ಕಮಿಷನ್ ಯಾರಿಗೆ ಎಂಬ ತಕರಾರು ಬೇಡವೆಂದು ಕೆಲವು ಕ್ಲೈಂಟ್‌ಗಳು ಎರಡನ್ನೂ ಕೈಬಿಡುತ್ತವೆ. ಯಾರಿಗೆ, ಯಾವ ದಿನ ಒಪ್ಪಿಗೆ ಕೊಟ್ಟಿರಿ ಎಂಬ ಮೇಲ್ ತೆಗೆದು ಒಂದೇ ಏಜೆನ್ಸಿಯ ಪರವಾಗಿ ಕೂಡಲೇ ಖಚಿತಪಡಿಸಿ.

4. ಫೀಡ್‌ಬ್ಯಾಕ್‌ಗೆ ಪ್ರಶ್ನೆ ಕಿರಿದಾಗಿರಲಿ. ಸಂದರ್ಶನಕ್ಕೆ ಮೊದಲೇ ತಿರಸ್ಕಾರವಾಗಿದ್ದರೆ ಕ್ಲೈಂಟ್ ಕಾರಣ ಬರೆದಿರುವುದು ಕಡಿಮೆ. ಆಗ ‘ಅಡ್ಡಿಯಾದದ್ದು ಅನುಭವವೇ, ಸಂಬಳವೇ, ಸೇರುವ ದಿನವೇ?’ ಎಂದು ಕೇಳಿ. ಮೂರರಲ್ಲಿ ಒಂದನ್ನು ಆರಿಸಿ ಹೇಳುವುದು ಸುಲಭ. ಸಂದರ್ಶನ ಆಗಿದ್ದರೆ ಅದೇ ದಿನ ರಿಕ್ರೂಟರ್‌ಗೆ ಏನೇನು ಕೇಳಿದರು ಎಂದು ನಾಲ್ಕು ಸಾಲು ಬರೆಯಿರಿ. ಕ್ಲೈಂಟ್ ಜೊತೆ ಮಾತಾಡುವಾಗ ಅವರ ಕೈಯಲ್ಲಿ ಹಿಡಿಯಲು ಒಂದು ಎಳೆ ಇರುತ್ತದೆ.

ಬೇಸತ್ತು ಕ್ಲೈಂಟ್‌ನ ಮ್ಯಾನೇಜರ್‌ಗೇ ಸಂದೇಶ ಕಳಿಸಬೇಡಿ. ಅದರಿಂದ ಏಜೆನ್ಸಿಯ ಒಪ್ಪಂದಕ್ಕೇ ಧಕ್ಕೆಯಾಗಬಹುದು. ಎರಡು ಮೇಲ್, ಒಂದು ಕರೆಗೂ ಉತ್ತರವಿಲ್ಲದಿದ್ದರೆ ಕೊನೆಯದಾಗಿ ಒಂದನ್ನು ಕೇಳಿ: ಈ ಕ್ಲೈಂಟ್‌ಗೆ ನನ್ನನ್ನು ಪ್ರತಿನಿಧಿಸುವ ನಿಮ್ಮ ಹಕ್ಕು ಯಾವ ದಿನಾಂಕದವರೆಗೆ ಇದೆ? ಆ ದಿನ ಕಳೆಯುವವರೆಗೆ ಅದೇ ಕ್ಲೈಂಟ್‌ಗೆ ಬೇರೆ ಏಜೆನ್ಸಿಯ ಮೂಲಕ ಹೋಗಬೇಡಿ.